‘ಟೆಸ್ಟಿನ ಮಾತು ಆಮ್ಯಾಲ, ಆ ಜೂನ್‌ನಾಗ ಎಲ್ಲಿದ್ರಿ?’

ಹಿಂಜವಡಿಯ ನಮ್ಮ ಆಫೀಸಿನ ಗೇಟಿನ ಎದುರು ಚಹಾದ ಗಾಡಿಯೊಂದಿದೆ. ಕಳೆದ ವರ್ಷ ಮಳೆಗಾಲದ ಒಂದು ಸಂಜೆ ಅಲ್ಲಿಗೆ ನನ್ನನ್ನು ಕರೆದೊಯ್ದ ಗೆಳೆಯ ಬ್ಯಾಗಿನಿಂದ ಎರಡು ವಸ್ತು ತೆಗೆದ. ಒಂದು, ಧಾರವಾಡದ ಫ್ಯಾಮಿಲಿ ಕೋರ್ಟಿನಿಂದ ಬಂದ ಸಮನ್ಸ್. ಹೆಂಡತಿ ತನಗೂ ನಾಲ್ಕು ವರ್ಷದ ಮಗಳಿಗೂ ಜೀವನಾಂಶ ಕೇಳಿ ಅರ್ಜಿ ಹಾಕಿದ್ದಳು. ಇನ್ನೊಂದು, ಆನ್‌ಲೈನಿನಲ್ಲಿ ತರಿಸಿದ ಡಿಎನ್‌ಎ ಪರೀಕ್ಷೆಯ ಕಿಟ್. ಹತ್ತಿ ಸುತ್ತಿದ ನಾಲ್ಕು ಕಡ್ಡಿ, ಎರಡು ಲಕೋಟೆ, ತುಂಬಬೇಕಾದ ಒಂದು ಫಾರ್ಮು.

‘ನಾ ಏನ್ ಕೇಳಾಕತ್ತೀನಿ? ಒಂದು ಟೆಸ್ಟ್, ಅಷ್ಟ. ನನ್ನ ಮಗಳು ಅಂತ ಬಂದ್ರ ತಿಂಗಳಾ ರೊಕ್ಕ ಕೊಡ್ತೀನಿ. ಅಲ್ಲ ಅಂತ ಬಂದ್ರ ಬಿಡ್ತೀನಿ. ಇದ್ರಾಗ ಕೋರ್ಟಿಗೆ ಏನು ತ್ರಾಸು?’ ಎಂದ.

ಅವನ ಹೆಸರು ಬೇಡ, ಊರಿನ ಗುರುತೂ ಸ್ವಲ್ಪ ಬದಲಿಸಿದ್ದೇನೆ. ಆ ದಿನ ನನಗೂ ಅವನ ಮಾತು ಸರಿಯೆನಿಸಿತ್ತು ಎಂದು ಒಪ್ಪಿಕೊಳ್ಳುತ್ತೇನೆ. ನಮ್ಮ ಕಸುಬಿನವರಿಗೆ ಡೇಟಾ ಸಿಗುವಂತಿದ್ದರೆ ಊಹೆಯ ಮೇಲೆ ತೀರ್ಮಾನ ಮಾಡುವುದು ಅಸಹ್ಯ. ಲಾಗ್ ಇರುವಾಗ ಲಾಗ್ ನೋಡದೆ ವಾದ ಮಾಡುವವನನ್ನು ಮೀಟಿಂಗಿನಲ್ಲಿ ಯಾರೂ ಸುಮ್ಮನೆ ಬಿಡುವುದಿಲ್ಲ. ಹಾಗಿರುವಾಗ ಕೋರ್ಟು ಮಾತ್ರ ಏಕೆ ಲಾಗ್ ನೋಡಲು ಹಿಂಜರಿಯುತ್ತದೆ? ಈ ಪ್ರಶ್ನೆಗೆ ಉತ್ತರ ಸಿಗಲು ನನಗೆ ಎರಡು ತಿಂಗಳು ಹಿಡಿಯಿತು. ಒಬ್ಬ ವಕೀಲರು, ಒಂದಷ್ಟು ತೀರ್ಪುಗಳು, ಗೆಳೆಯನ ಹಳೆಯ ಮೇಲ್‌ಬಾಕ್ಸು ಇವೆಲ್ಲ ಬೇಕಾದವು.

ಮೊದಲು ಪರೀಕ್ಷೆಯ ಬಗ್ಗೆಯೇ ಹೇಳಿಬಿಡುತ್ತೇನೆ, ಏಕೆಂದರೆ ಅಲ್ಲಿ ಅನುಮಾನಕ್ಕೆ ಹೆಚ್ಚು ಜಾಗವಿಲ್ಲ. ನಮ್ಮ ಡಿಎನ್‌ಎಯ ಕೆಲವು ನಿರ್ದಿಷ್ಟ ತಾಣಗಳಲ್ಲಿ ಒಂದು ಚಿಕ್ಕ ತುಣುಕು ಮತ್ತೆ ಮತ್ತೆ ಬಂದಿರುತ್ತದೆ. ಎಷ್ಟು ಸಲ ಬಂದಿದೆ ಎಂಬ ಎಣಿಕೆ ಒಬ್ಬರಿಂದ ಒಬ್ಬರಿಗೆ ಬೇರೆ. ಪ್ರತಿ ತಾಣದಲ್ಲೂ ಮಗುವಿಗೆ ಎರಡು ಸಂಖ್ಯೆ ಇರುತ್ತವೆ, ಒಂದು ತಾಯಿಯದು, ಇನ್ನೊಂದು ತಂದೆಯದು. ಒಂದು ತಾಣದಲ್ಲಿ ಮಗುವಿಗೆ 12 ಮತ್ತು 15, ತಾಯಿಗೆ 15 ಮತ್ತು 17 ಇದೆ ಎನ್ನಿ. 15 ತಾಯಿಯಿಂದ ಬಂತು, ಆದ್ದರಿಂದ 12 ತಂದೆಯಿಂದಲೇ ಬಂದಿರಬೇಕು. ಗಂಡನಲ್ಲಿ 9 ಮತ್ತು 14 ಇದ್ದರೆ ಅಲ್ಲಿ ಹೊಂದಿಕೆಯಿಲ್ಲ. ಹೀಗೆ ಹದಿನೈದು, ಇಪ್ಪತ್ತು ಅಥವಾ ಇನ್ನೂ ಹೆಚ್ಚು ತಾಣಗಳನ್ನು ನೋಡುತ್ತಾರೆ. ಒಂದೇ ಕಡೆ ತಪ್ಪಿದರೆ ಅದು ಒಂದು ತಲೆಮಾರಿನಿಂದ ಇನ್ನೊಂದಕ್ಕೆ ದಾಟುವಾಗ ಆದ ಮ್ಯುಟೇಷನ್ ಇರಬಹುದು. ಹಾಗಾಗಿ ಹಲವು ತಾಣಗಳಲ್ಲಿ ತಪ್ಪಿದಾಗ ಮಾತ್ರ ‘ಈತ ತಂದೆಯಲ್ಲ’ ಎನ್ನುತ್ತಾರೆ. ಎಲ್ಲ ಕಡೆ ಹೊಂದಿದರೆ, ಆ ಸಂಖ್ಯೆಗಳು ಜನರಲ್ಲಿ ಎಷ್ಟು ಅಪರೂಪ ಎಂಬುದನ್ನು ಗುಣಿಸುತ್ತ ಹೋಗಿ 99.99ರ ಆಚೆಗಿನ ಶೇಕಡಾವಾರು ಕೊಡುತ್ತಾರೆ.

ಅಂದರೆ ಲ್ಯಾಬಿನ ಕೆಲಸ ಗಟ್ಟಿ. ತಪ್ಪು ನುಸುಳುವುದು ಹೆಚ್ಚಾಗಿ ಅದಕ್ಕೂ ಮೊದಲು, ಸ್ಯಾಂಪಲ್ ಯಾರದು ಎಂಬಲ್ಲಿ. ಕೋರ್ಟು ಆದೇಶಿಸಿದ ಪರೀಕ್ಷೆಯಲ್ಲಿ ಗೊತ್ತುಪಡಿಸಿದ ದಿನ ಸಂಬಂಧಪಟ್ಟವರ ಎದುರೇ ಗುರುತು ಪರಿಶೀಲಿಸಿ, ಸ್ಯಾಂಪಲ್ ತೆಗೆದು, ಸೀಲು ಹಾಕಿ ಸರ್ಕಾರಿ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಕಳಿಸುತ್ತಾರೆ. ಮಗಳ ಬಾಯಲ್ಲಿ ಯಾರೂ ನೋಡದಾಗ ಕಡ್ಡಿಯಾಡಿಸಿ ಕೊರಿಯರ್ ಮಾಡಿದ್ದಕ್ಕೆ ಆ ಸರಪಳಿ ಇರುವುದಿಲ್ಲ. ಗೆಳೆಯ ಇನ್ನೂ ಆ ಕಿಟ್ ಬಳಸಿರಲಿಲ್ಲ. ಮಗಳು ಧಾರವಾಡದಲ್ಲಿದ್ದಳು, ಇವನು ಇಲ್ಲಿ.

ನಾವು ಹೋದದ್ದು ಶಿವಾಜಿನಗರದ ಬಳಿ ಆಫೀಸು ಇಟ್ಟುಕೊಂಡಿರುವ ಒಬ್ಬ ವಕೀಲರಲ್ಲಿಗೆ. ಬೆಳಗಾವಿಯವರು, ವಯಸ್ಸು ಅರವತ್ತರ ಹತ್ತಿರ, ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಕೌಟುಂಬಿಕ ವ್ಯಾಜ್ಯಗಳನ್ನೇ ನಡೆಸಿದವರು. ಕಿಟ್ಟಿನ ಡಬ್ಬಿಯನ್ನು ಅವರು ತೆರೆದೂ ನೋಡಲಿಲ್ಲ. ‘ಟೆಸ್ಟಿನ ಮಾತು ಆಮ್ಯಾಲ ಮಾತಾಡೂಣು. ಮಗಳು ಹುಟ್ಟಿದ ತಾರೀಖು ಹೇಳ್ರಿ’ ಎಂದರು.

‘2021ರ ಮಾರ್ಚ್ 18, ಮೇಡಂ.’

ಕ್ಯಾಲೆಂಡರಿನಲ್ಲಿ ಹಿಂದಕ್ಕೆ ಎಣಿಸಿದರು. ಗರ್ಭ ನಿಂತಲ್ಲಿಂದ ಹೆರಿಗೆಗೆ ಸುಮಾರು 266 ದಿನ ಎಂದು ಹಿಡಿದರೆ 2020ರ ಜೂನ್ 25ರ ಆಸುಪಾಸು ಬರುತ್ತದೆ. ಹೆರಿಗೆ ಹಿಂದೆಮುಂದೆ ಆಗುವುದರಿಂದ ಎರಡೂ ಕಡೆ ಎರಡು ವಾರ ಬಿಡಬೇಕು. ‘ಅಂದ್ರ ಜೂನ್ ಎರಡನೇ ವಾರದಿಂದ ಜುಲೈ ಎರಡನೇ ವಾರ. ಆವಾಗ ನೀವು ಎಲ್ಲಿದ್ರಿ?’

ಗೆಳೆಯನ ಮುಖ ಅರಳಿತು. ಆಗ ಲಾಕ್‌ಡೌನು, ತಾನು ಪುಣೆಯಲ್ಲಿ, ಹೆಂಡತಿ ಧಾರವಾಡದಲ್ಲಿ ತನ್ನ ತಂದೆತಾಯಿಯ ಮನೆಯಲ್ಲಿ. ಕೇಸು ಗೆದ್ದೇಬಿಟ್ಟೆ ಎನ್ನುವಂತೆ ನನ್ನತ್ತ ನೋಡಿದ.

ವಕೀಲರು ಕಾನೂನನ್ನು ಬಿಡಿಸಿ ಹೇಳಿದರು. 1872ರ ಸಾಕ್ಷ್ಯ ಕಾಯ್ದೆಯ 112ನೇ ಸೆಕ್ಷನ್ ಈಗ ಭಾರತೀಯ ಸಾಕ್ಷ್ಯ ಅಧಿನಿಯಮದ 116ನೇ ಸೆಕ್ಷನ್ ಆಗಿದೆ. 2024ರ ಜುಲೈ 1ರಿಂದ ಹೊಸ ಕಾಯ್ದೆ ಜಾರಿಯಲ್ಲಿದ್ದರೂ ತಿರುಳು ಅದೇ. ಕ್ರಮಬದ್ಧ ಮದುವೆ ಜಾರಿಯಲ್ಲಿದ್ದಾಗ ಹುಟ್ಟಿದ ಮಗು ಗಂಡನದೇ ಎಂಬುದಕ್ಕೆ ಆ ಜನನವೇ ನಿರ್ಣಾಯಕ ರುಜುವಾತು. ಮದುವೆ ಮುರಿದು 280 ದಿನದೊಳಗೆ ಹುಟ್ಟಿದರೂ, ತಾಯಿ ಮರುಮದುವೆಯಾಗದಿದ್ದರೆ, ಹಾಗೆಯೇ. ಇದರಿಂದ ಹೊರಬರಲು ಕಾಯ್ದೆ ಇಟ್ಟಿರುವ ಬಾಗಿಲು ಒಂದೇ. ಗರ್ಭ ನಿಲ್ಲಬಹುದಾಗಿದ್ದ ಯಾವ ಸಮಯದಲ್ಲೂ ಗಂಡ ಹೆಂಡತಿಗೆ ಪರಸ್ಪರ ಸಂಪರ್ಕದ ಅವಕಾಶವೇ ಇರಲಿಲ್ಲ ಎಂದು ಸಾಬೀತು ಮಾಡಬೇಕು.

‘ಅವಕಾಶ’ ಎಂಬ ಪದವನ್ನು ಅವರು ಒತ್ತಿ ಹೇಳಿದರು. ಕೂಡಿದ್ದರೋ ಇಲ್ಲವೋ ಎಂಬುದು ಪ್ರಶ್ನೆಯಲ್ಲ, ಕೂಡುವ ಸಂದರ್ಭವಿತ್ತೇ ಎಂಬುದು ಪ್ರಶ್ನೆ. ಹೊರಗೆ ದುಡಿಯುವ ನಮ್ಮಂಥವರು ಎಡವುವುದು ಇಲ್ಲೇ. ಗಂಡ ಪುಣೆಯಲ್ಲಿ, ಹೆಂಡತಿ ಧಾರವಾಡದಲ್ಲಿ ಎಂದ ಮಾತ್ರಕ್ಕೆ ಸಂಪರ್ಕವಿರಲಿಲ್ಲ ಎಂದಾಗುವುದಿಲ್ಲ. ಶುಕ್ರವಾರ ರಾತ್ರಿ ಬಸ್ಸು ಹತ್ತಿದರೆ ಶನಿವಾರ ಬೆಳಗ್ಗೆ ಧಾರವಾಡ. ಗಂಡ ಆ ಇಡೀ ಅವಧಿಯಲ್ಲಿ ವಿದೇಶದಲ್ಲಿದ್ದ, ಪಾಸ್‌ಪೋರ್ಟಿನಲ್ಲಿ ಹೋದ ಬಂದ ಮೊಹರುಗಳಿವೆ, ಹೆಂಡತಿ ಅಲ್ಲಿಗೆ ಹೋಗಿಲ್ಲ ಎಂದರೆ ಅದು ಬೇರೆ ಮಾತು. ‘ಒಂದು ವಾರಾಂತ್ಯ ಊರಿಗೆ ಬಂದಿದ್ರೂ ಬಾಗಿಲು ಮುಚ್ಚಿತು. ಬರಲೇ ಇಲ್ಲ ಅಂತ ದಾಖಲೆ ತರ್ರಿ’ ಎಂದು ನಮ್ಮನ್ನು ಕಳಿಸಿದರು.

ಆ ಶನಿವಾರ ನಾವಿಬ್ಬರೂ ಅವನ ಮೇಲ್‌ಬಾಕ್ಸ್ ಜಾಲಾಡಿದೆವು. ಅವನು ‘ಇಲ್ಲೇ ಇದ್ದೆ’ ಎಂದು ಪ್ರಾಮಾಣಿಕವಾಗಿಯೇ ನಂಬಿದ್ದ. ಅರ್ಧ ಗಂಟೆಯಲ್ಲಿ ಸಿಕ್ಕಿದ್ದು ಸೇವಾ ಸಿಂಧು ಪಾಸು. 2020ರ ಜೂನ್ 13, ಪುಣೆಯಿಂದ ಧಾರವಾಡಕ್ಕೆ, ಕಾರಣದ ಜಾಗದಲ್ಲಿ ತಂದೆಯ ಅನಾರೋಗ್ಯ. ಆಗ ಮಹಾರಾಷ್ಟ್ರದಿಂದ ಬಂದವರಿಗೆ ಏಳು ದಿನ ಸಾಂಸ್ಥಿಕ ಕ್ವಾರಂಟೈನು, ಆಮೇಲೆ ಏಳು ದಿನ ಮನೆಯಲ್ಲಿ. ಲಾಡ್ಜಿನ ಬಿಲ್ಲೂ ಇತ್ತು. ಜೂನ್ 20ರಿಂದ ಜುಲೈ ಕೊನೆಯವರೆಗೆ ಅವನು ಧಾರವಾಡದ ಮನೆಯಿಂದಲೇ ಕೆಲಸ ಮಾಡಿದ್ದ.

ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ, ‘ಆದ್ರ ಆವಾಗ ನಮ್ಮಿಬ್ಬರಿಗೂ ಮಾತs ಇರ್ಲಿಲ್ಲೋ’ ಎಂದ.

ಇದೇ ಮಾತನ್ನು ವಕೀಲರಿಗೂ ಹೇಳಿದ. ಒಂದೇ ಸೂರು, ಐದು ವಾರಕ್ಕೂ ಹೆಚ್ಚು. ಮಾತು ಬಿಟ್ಟಿದ್ದು ಕಾನೂನಿನ ಲೆಕ್ಕದಲ್ಲಿ ಸಂಪರ್ಕವಿಲ್ಲದ್ದು ಆಗುವುದಿಲ್ಲ ಎಂದು ಅವರು ಮೆತ್ತಗೆ ಹೇಳಿದರು. ಅವನ ಅನುಮಾನ ಹುಟ್ಟಿದ್ದು ಮಗಳಿಗೆ ಎರಡು ತುಂಬಿದ ಮೇಲೆ, ಹೆಂಡತಿಯ ಫೋನಿನಲ್ಲಿ ಕಂಡ ಯಾರದೋ ಮೆಸೇಜುಗಳಿಂದ. ಆ ಮೆಸೇಜುಗಳ ಕಾಲಕ್ಕೂ 2020ರ ಜೂನ್‌ಗೂ ನಡುವೆ ಮೂರು ವರ್ಷದ ಅಂತರವಿತ್ತು.

ಇಲ್ಲಿ ಅವರು ಪುಣೆಯದೇ ಒಂದು ಪ್ರಕರಣದ ತೀರ್ಪನ್ನು ನಮಗೆ ಓದಲು ಕೊಟ್ಟರು. 2023ರ ಫೆಬ್ರುವರಿ 20ರಂದು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಾದ ವಿ. ರಾಮಸುಬ್ರಮಣಿಯನ್ ಮತ್ತು ಬಿ.ವಿ. ನಾಗರತ್ನ ಕೊಟ್ಟ ತೀರ್ಪು ಅದು. ನಾಗರತ್ನ ಅವರು ನಮ್ಮ ಹೈಕೋರ್ಟಿನಿಂದಲೇ ಹೋದವರು. ವಿಷಯ ಜೀವನಾಂಶವಲ್ಲ, ವಿಚ್ಛೇದನ. ಆದರೆ ಡಿಎನ್‌ಎ ಅರ್ಜಿ ಬಂದಾಗ ಇಂದು ಫ್ಯಾಮಿಲಿ ಕೋರ್ಟುಗಳ ಮುಂದೆ ವಕೀಲರು ಇಡುವ ತೀರ್ಪುಗಳಲ್ಲಿ ಇದು ಮುಖ್ಯವಾದದ್ದು.

2005ರಲ್ಲಿ ಮದುವೆಯಾದ ದಂಪತಿ. ಎರಡನೆಯ ಮಗ ಹುಟ್ಟಿದ್ದು 2013ರ ಜುಲೈನಲ್ಲಿ. 2016ರಲ್ಲಿ ಹೆಂಡತಿಯ ಫೋನಿಗೆ ಬಂದ ಮೆಸೇಜು ಗಂಡನ ಕಣ್ಣಿಗೆ ಬಿತ್ತು. ಅದೇ ವರ್ಷ ಅವರು ಎರಡನೆಯ ಮಗನ ಡಿಎನ್‌ಎ ಪರೀಕ್ಷೆಯನ್ನು ಖಾಸಗಿಯಾಗಿ ಮಾಡಿಸಿದರು. ತಾನು ತಂದೆಯಲ್ಲ ಎಂಬ ವರದಿ ಕೈಯಲ್ಲಿತ್ತು. 2017ರಲ್ಲಿ ವಿಚ್ಛೇದನಕ್ಕೆ ಹೋದರು, 2020ರಲ್ಲಿ ಕೋರ್ಟಿನ ಮೂಲಕವೇ ಮಗುವಿನ ಪರೀಕ್ಷೆ ಆಗಬೇಕೆಂದು ಅರ್ಜಿ ಹಾಕಿದರು. ಪುಣೆಯ ಫ್ಯಾಮಿಲಿ ಕೋರ್ಟು 2021ರ ಆಗಸ್ಟಿನಲ್ಲಿ ಒಪ್ಪಿತು, ಬಾಂಬೆ ಹೈಕೋರ್ಟು ನವೆಂಬರಿನಲ್ಲಿ ಅದನ್ನು ಎತ್ತಿಹಿಡಿಯಿತು. ಸುಪ್ರೀಂ ಕೋರ್ಟು ಎರಡನ್ನೂ ರದ್ದು ಮಾಡಿತು.

ನನ್ನನ್ನು ನಿಲ್ಲಿಸಿದ್ದು ಅಲ್ಲಿಯ ಕಾರಣ. ಪರೀಕ್ಷೆ ನಂಬಲರ್ಹವಲ್ಲ ಎಂದು ಕೋರ್ಟು ಎಲ್ಲೂ ಹೇಳಲಿಲ್ಲ. ಮಗು ಹುಟ್ಟುವ ಕಾಲಕ್ಕೆ ಗಂಡ ಹೆಂಡತಿ ಜೊತೆಗಿದ್ದರು, ಸಂಪರ್ಕವೇ ಇರಲಿಲ್ಲವೆಂದು ಗಂಡ ವಾದಿಸಿಯೇ ಇಲ್ಲ, ಹಾಗಾಗಿ ಬಾಗಿಲು ತೆರೆಯುವುದೇ ಇಲ್ಲ ಎಂದಿತು. ಹೆಂಡತಿಯ ವ್ಯಭಿಚಾರ ಸಾಬೀತು ಮಾಡಬೇಕಿದ್ದರೆ ಬೇರೆ ಸಾಕ್ಷ್ಯಗಳನ್ನು ತರಲಿ, ಅದಕ್ಕೆ ಅಡ್ಡಿಯಿಲ್ಲ. ಆದರೆ ದಂಪತಿಯ ಜಗಳದಲ್ಲಿ ಪಕ್ಷವೇ ಅಲ್ಲದ ಮಗುವನ್ನು ಸಾಕ್ಷ್ಯದ ವಸ್ತುವಿನಂತೆ ಬಳಸಲಾಗದು. ತನ್ನ ಹುಟ್ಟನ್ನು ಯಾರೋ ಹಗುರವಾಗಿ ಕೋರ್ಟಿನಲ್ಲಿ ಪ್ರಶ್ನಿಸದಂತೆ ಇರುವ ಹಕ್ಕು, ತನ್ನ ದೇಹದೊಳಗಿನ ಮಾಹಿತಿ ಬಯಲಾಗದಂತೆ ಇರುವ ಹಕ್ಕು ಮಗುವಿನದು. ಇಡೀ ಪ್ರಶ್ನೆಯನ್ನು ತಂದೆತಾಯಿಯ ಕಣ್ಣಿನಿಂದಲ್ಲ, ಮಗುವಿನ ಕಣ್ಣಿನಿಂದ ನೋಡಬೇಕು ಎಂದು ನ್ಯಾಯಮೂರ್ತಿ ರಾಮಸುಬ್ರಮಣಿಯನ್ ಪ್ರತ್ಯೇಕವಾಗಿ ಬರೆದರು.

ಇನ್ನೊಂದು ಅಂಶವನ್ನೂ ಅಲ್ಲಿ ತೀರ್ಮಾನಿಸಿದರು. ಸಾಮಾನ್ಯವಾಗಿ ಯಾರಾದರೂ ಕೇಳಿದ ಪ್ರಶ್ನೆಗೆ ಉತ್ತರಿಸಲು ನಿರಾಕರಿಸಿದರೆ, ಉತ್ತರ ಅವರಿಗೆ ಪ್ರತಿಕೂಲವಾಗಿದ್ದಿರಬೇಕು ಎಂದು ಕೋರ್ಟು ಊಹಿಸಬಹುದು. 2014ರ ಒಂದು ವಿಚ್ಛೇದನ ಪ್ರಕರಣದಲ್ಲಿ ಸುಪ್ರೀಂ ಕೋರ್ಟೇ ಹೆಂಡತಿಗೆ ಈ ಆಯ್ಕೆ ಕೊಟ್ಟಿತ್ತು. ಒಂದೋ ಪರೀಕ್ಷೆಗೆ ಒಪ್ಪಿ, ಇಲ್ಲವೇ ನಿಮ್ಮ ವಿರುದ್ಧ ಊಹಿಸಲು ಬಿಡಿ ಎಂದು. ಪುಣೆಯ ಪ್ರಕರಣದಲ್ಲಿ ಮಾತ್ರ, ಮಗುವನ್ನು ಪರೀಕ್ಷೆಗೆ ಒಡ್ಡಲು ತಾಯಿ ನಿರಾಕರಿಸಿದರೆ ಅದರಿಂದ ಮಗುವಿನ ಹುಟ್ಟಿನ ಬಗ್ಗೆ ಪ್ರತಿಕೂಲ ಊಹೆ ಮಾಡಲಾಗದು ಎಂದರು. ತಾಯಿ ಬಾಯಿ ಮುಚ್ಚಿಕೊಂಡಿದ್ದಕ್ಕೆ ಮಗು ದಂಡ ತೆರಬಾರದು.

ನಾನು ಗೆಳೆಯನ ಪರವಾಗಿ ಇನ್ನೊಂದು ವಾದ ಹೂಡಿದೆ. ಇಂಟರ್‌ನೆಟ್ಟಿನಲ್ಲಿ ಓದಿಕೊಂಡೇ ಹೋಗಿದ್ದೆ. ‘ಮತ್ತೆ 2014ರ ನಾಗಪುರದ ಕೇಸ್ ಏನು ಮೇಡಂ? ಅಲ್ಲಿ ಡಿಎನ್‌ಎ ಗೆದ್ದಿತಲ್ಲ?’

ಅವರು ನಕ್ಕರು. ಡಿಎನ್‌ಎ ಅರ್ಜಿ ಹಾಕಬೇಕೆಂದು ಬರುವ ಗಂಡಸರೆಲ್ಲ ಆ ತೀರ್ಪಿನ ಪ್ರಿಂಟ್ ಹಿಡಿದೇ ಬರುತ್ತಾರಂತೆ.

ಅದು ನಿಜವಾದ ಜೀವನಾಂಶದ ಪ್ರಕರಣ. 1990ರಲ್ಲಿ ಚಂದ್ರಪುರದಲ್ಲಿ ಮದುವೆ. ಹೆಂಡತಿಯ ಮೊದಲ ಜೀವನಾಂಶದ ಅರ್ಜಿ 1993ರಲ್ಲಿ ವಜಾ ಆಗಿತ್ತು. 1996ರಿಂದ ಎರಡು ವರ್ಷ ಮತ್ತೆ ಗಂಡನೊಂದಿಗೆ ಬಾಳಿದೆ, ಆಗ ಹೆಣ್ಣುಮಗು ಹುಟ್ಟಿತು ಎಂದು ಅವರು ಮತ್ತೆ ಅರ್ಜಿ ಹಾಕಿದರು. 1991ರಿಂದಲೇ ತನಗೂ ಆಕೆಗೂ ಸಂಬಂಧವಿಲ್ಲ ಎಂದು ಗಂಡ ಮೊದಲಿನಿಂದಲೂ ಹೇಳುತ್ತಿದ್ದ. ಮ್ಯಾಜಿಸ್ಟ್ರೇಟರು ಹೆಂಡತಿಗೆ ತಿಂಗಳಿಗೆ 900 ರೂಪಾಯಿ, ಮಗುವಿಗೆ 500 ರೂಪಾಯಿ ಎಂದು ಆದೇಶಿಸಿದರು. ಪ್ರಕರಣ ಸುಪ್ರೀಂ ಕೋರ್ಟಿಗೆ ಬಂದಾಗ ಅಲ್ಲಿಂದಲೇ ಪರೀಕ್ಷೆಗೆ ಆದೇಶವಾಯಿತು. ನಾಗಪುರದ ಪ್ರಯೋಗಾಲಯ ‘ತಂದೆಯಲ್ಲ’ ಎಂದಿತು. ಹೆಂಡತಿ ಒಪ್ಪದಿದ್ದಾಗ ಹೈದರಾಬಾದಿನ ಕೇಂದ್ರ ಪ್ರಯೋಗಾಲಯದಲ್ಲಿ ಮರುಪರೀಕ್ಷೆ. ಅಲ್ಲೂ ಅದೇ ಉತ್ತರ. ಸತ್ಯ ಗೊತ್ತಿಲ್ಲದಾಗ ಊಹೆಗೆ ಬೆಲೆ, ವಿಜ್ಞಾನ ಸತ್ಯವನ್ನು ಎದುರಿಗೇ ಇಟ್ಟಿರುವಾಗ ತಂದೆಯಲ್ಲದವನ ಮೇಲೆ ತಂದೆತನ ಹೊರಿಸಲಾಗದು ಎಂದು 2014ರ ಜನವರಿಯಲ್ಲಿ ಕೋರ್ಟು ಹೇಳಿತು. ಮಗುವಿನ ಜೀವನಾಂಶ ರದ್ದಾಯಿತು. ಅಷ್ಟರವರೆಗೆ ಕೊಟ್ಟಿದ್ದನ್ನು ವಾಪಸು ಕೇಳುವಂತಿಲ್ಲ ಎಂದೂ ಸೇರಿಸಿತು.

ಎರಡು ತೀರ್ಪುಗಳು ಒಂದಕ್ಕೊಂದು ವಿರುದ್ಧವೆನಿಸುತ್ತವೆ. ವಕೀಲರು ವ್ಯತ್ಯಾಸ ತೋರಿಸಿದರು. 2014ರ ತೀರ್ಪು ಹೇಳುವುದು, ಕೋರ್ಟಿನ ಆದೇಶದಿಂದಲೇ ಬಂದ ಫಲಿತಾಂಶ ಆಗಲೇ ಮೇಜಿನ ಮೇಲಿದ್ದರೆ ಏನು ಮಾಡಬೇಕು ಎಂಬುದನ್ನು. ಪುಣೆಯ ತೀರ್ಪು ಹೇಳುವುದು, ಆ ಫಲಿತಾಂಶವನ್ನು ಮೇಜಿಗೆ ತರಿಸಬೇಕೇ ಎಂಬುದನ್ನು. ಮೊದಲನೆಯ ಗಂಡ ಸಂಪರ್ಕವೇ ಇರಲಿಲ್ಲ ಎಂದು ಆರಂಭದಿಂದ ಹಿಡಿದ ಪಟ್ಟು ಬಿಡಲಿಲ್ಲ. ಎರಡನೆಯವರು ಆ ಮಾತನ್ನೇ ಎತ್ತಲಿಲ್ಲ. ನಮ್ಮ ಗೆಳೆಯನ ಕೈಯಲ್ಲಿರುವುದು ಸೇವಾ ಸಿಂಧು ಪಾಸು.

ಈ ಎಚ್ಚರ ಹೊಸದೂ ಅಲ್ಲ. 1993ರಲ್ಲೇ, ರಕ್ತದ ಗುಂಪಿನ ಪರೀಕ್ಷೆಯ ಕಾಲದಲ್ಲಿ, ಪಶ್ಚಿಮ ಬಂಗಾಳದ ಒಂದು ಜೀವನಾಂಶದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಗೆರೆ ಎಳೆದಿತ್ತು. ಕೇಳಿದಾಗಲೆಲ್ಲ ಪರೀಕ್ಷೆಗೆ ಆದೇಶಿಸುವಂತಿಲ್ಲ. ಏನಾದರೂ ಸಿಕ್ಕೀತು ಎಂದು ತಡಕಾಡಲು ಪರೀಕ್ಷೆ ಇಲ್ಲ. ಸಂಪರ್ಕವಿರಲಿಲ್ಲ ಎಂಬುದಕ್ಕೆ ಮೇಲ್ನೋಟಕ್ಕಾದರೂ ಬಲವಾದ ಆಧಾರ ಬೇಕು. ಪರೀಕ್ಷೆಯಿಂದ ಮಗುವಿಗೂ ತಾಯಿಗೂ ಅಂಟುವ ಕಳಂಕವನ್ನು ತೂಗಬೇಕು. ರಕ್ತ ಕೊಡೆಂದು ಯಾರನ್ನೂ ಬಲವಂತ ಮಾಡುವಂತಿಲ್ಲ. ಆಮೇಲಿನ ತೀರ್ಪುಗಳು ಇದಕ್ಕೆ ಸೇರಿಸಿದ್ದು ಮುಖ್ಯವಾಗಿ ಒಂದು ಮಾತು. ಪರೀಕ್ಷೆಯಿಲ್ಲದೆ ಸತ್ಯ ತಲುಪಲು ಸಾಧ್ಯವೇ ಇಲ್ಲ ಎನ್ನುವಷ್ಟು ಅಗತ್ಯವಿದೆಯೇ ಎಂದು ನೋಡಬೇಕು.

ತಾಯಿಗೂ ಆ ಪುರುಷನಿಗೂ ಮದುವೆಯೇ ಆಗಿರದಿದ್ದರೆ, ಆಕೆಗೆ ಬೇರೆ ಗಂಡನೂ ಇಲ್ಲದಿದ್ದರೆ ಲೆಕ್ಕ ಪೂರ್ತಿ ಬೇರೆ. ಅಲ್ಲಿ ಕಾಪಾಡಬೇಕಾದ ನಿರ್ಣಾಯಕ ಊಹೆಯೇ ಇಲ್ಲ. ಅಪ್ರಾಪ್ತ ಮಗು ಔರಸವಾಗಲಿ ಅನೌರಸವಾಗಲಿ ಹುಟ್ಟಿಸಿದವನಿಂದ ಜೀವನಾಂಶ ಕೇಳಬಹುದು. ಹಳೆಯ 125ನೇ ಸೆಕ್ಷನ್, ಈಗಿನ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಸೆಕ್ಷನ್ ಇದನ್ನು ಬಾಯಿಬಿಟ್ಟೇ ಹೇಳುತ್ತದೆ. ಅಲ್ಲಿ ಪರೀಕ್ಷೆ ಕೇಳುವುದು ಹೆಚ್ಚಾಗಿ ತಾಯಿ, ತಪ್ಪಿಸಿಕೊಳ್ಳುವುದು ಪುರುಷ. ಪರೀಕ್ಷೆಯಿಂದ ಮಗು ಕಳೆದುಕೊಳ್ಳುವುದಕ್ಕಿಂತ ಪಡೆಯುವುದೇ ಹೆಚ್ಚು.

ಗೆಳೆಯನ ಮಗಳು ಏನು ಕಳೆದುಕೊಳ್ಳುತ್ತಿದ್ದಳು? ಇದನ್ನು ನಾವಿಬ್ಬರೂ ಅಲ್ಲಿಯವರೆಗೆ ಯೋಚಿಸಿರಲಿಲ್ಲ. ತಿಂಗಳ ಹಣವೊಂದೇ ಅಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲಿ ಮಗಳು ಮೊದಲ ದರ್ಜೆಯ ವಾರಸುದಾರಳು. ಅನೌರಸ ಎಂದಾದರೆ ಆ ಕಾಯ್ದೆ ಅವಳನ್ನು ತಾಯಿಯ ಸಂಬಂಧಿಯೆಂದು ಮಾತ್ರ ಕಾಣುತ್ತದೆ. ಅಜ್ಜನ ಮನೆ, ಅಪ್ಪನ ಪಾಲು ಎರಡೂ ಕೈತಪ್ಪುತ್ತವೆ. ‘ಬೇರೆಯವನ ಮಗಳಾದ್ರ ಅವನು ಕೊಡಲಿ’ ಎಂಬುದು ಗೆಳೆಯನ ಉತ್ತರವಾಗಿತ್ತು. ಆ ‘ಬೇರೆಯವನು’ ಎಷ್ಟು ಸುಲಭವಾಗಿ ಸಿಗುತ್ತಾನೆ ಎಂಬುದಕ್ಕೆ ಕೇರಳದ ಪ್ರಕರಣವೊಂದನ್ನು ವಕೀಲರು ಹೇಳಿದರು.

ಕೊಚ್ಚಿಯಲ್ಲಿ ಮದುವೆಯಾದ ಮಹಿಳೆಯೊಬ್ಬರಿಗೆ 2001ರಲ್ಲಿ ಮಗ ಹುಟ್ಟಿದ. ಗಂಡ ಹೆಂಡತಿ 2003ರವರೆಗೆ ಜೊತೆಗಿದ್ದರು, 2006ರಲ್ಲಿ ವಿಚ್ಛೇದನವಾಯಿತು. ಆಮೇಲೆ ತಾಯಿ, ಮಗನ ನಿಜವಾದ ತಂದೆ ಬೇರೊಬ್ಬರೆಂದು ಹೇಳಿ ನಗರಪಾಲಿಕೆಯ ದಾಖಲೆ ಬದಲಿಸಲು ಹೋದರು. ಸಿವಿಲ್ ಕೋರ್ಟು ಒಪ್ಪಲಿಲ್ಲ. ಮುಂದೆ ಮಗ ಆ ವ್ಯಕ್ತಿಯಿಂದ ಜೀವನಾಂಶ ಕೇಳಿದ. ಇಲ್ಲಿ ಪರೀಕ್ಷೆ ಬೇಕೆಂದವನು ಸ್ವತಃ ಮಗನೇ. 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅದಕ್ಕೆ ಒಪ್ಪಲಿಲ್ಲ. ಹುಟ್ಟಿದಾಗ ತಾಯಿಯ ಮದುವೆ ಜಾರಿಯಲ್ಲಿತ್ತು, ಗಂಡನ ಸಂಪರ್ಕವಿತ್ತು, ಆದ್ದರಿಂದ ಕಾನೂನಿನ ಕಣ್ಣಿಗೆ ತಂದೆ ಆ ಗಂಡನೇ. ಹೊರಗಿನವನನ್ನು ಬಲವಂತದ ಪರೀಕ್ಷೆಗೆ ಎಳೆಯುವುದು ಅವನ ಖಾಸಗಿತನಕ್ಕೂ ಧಕ್ಕೆ.

ಈ ತೀರ್ಪು ನನಗೆ ಇನ್ನೂ ಪೂರ್ತಿ ಒಗ್ಗಿಲ್ಲ. ಮಗುವಿನ ಕಣ್ಣಿನಿಂದ ನೋಡಬೇಕೆಂದಾದರೆ, ಬೆಳೆದು ನಿಂತ ಮಗನೇ ‘ನನಗೆ ಗೊತ್ತಾಗಬೇಕು’ ಎಂದಾಗ ಆ ಕಣ್ಣಿಗೆ ಏಕೆ ಬೆಲೆಯಿಲ್ಲ? ದೆಹಲಿಯಲ್ಲಿ ರೋಹಿತ್ ಶೇಖರ್ ಹೀಗೆಯೇ ಹಟ ಹಿಡಿದು ಎನ್.ಡಿ. ತಿವಾರಿಯವರ ರಕ್ತ ಪರೀಕ್ಷೆ ಮಾಡಿಸಿದ್ದರು. ಅವರ ತಾಯಿಗೂ ಹುಟ್ಟಿನ ಕಾಲಕ್ಕೆ ಬೇರೆ ಗಂಡನಿದ್ದ. 2012ರ ಜುಲೈನಲ್ಲಿ ದೆಹಲಿ ಹೈಕೋರ್ಟು ವರದಿ ತೆರೆದಾಗ ಅವರು ಹೇಳಿದ್ದೇ ನಿಜವಾಗಿತ್ತು. ಎರಡರ ನಡುವಿನ ದಾರಿ ನನಗೆ ಸ್ಪಷ್ಟವಿಲ್ಲ. ವಕೀಲರನ್ನು ಕೇಳಿದೆ. ‘ನೀವು ಕಾನೂನು ಓದೂ ವಯಸ್ಸು ದಾಟ್ಯದ, ಬಿಡ್ರಿ’ ಎಂದು ಚಹಾ ತರಿಸಿದರು.

ಗೆಳೆಯನಿಗೆ ಆ ಪ್ರಕರಣದಲ್ಲಿ ಕಂಡದ್ದು ಬೇರೆ. ಗಂಡನ ಮನೆಯ ಬಾಗಿಲು ಮುಚ್ಚಿದ ಮೇಲೆ ಇನ್ನೊಂದು ಬಾಗಿಲು ತೆರೆಯುತ್ತದೆಂಬ ಭರವಸೆಯೇ ಇಲ್ಲ ಎಂಬುದು ಅವನಿಗೆ ಹೊಳೆಯಿತು.

ಕೊನೆಗೆ ಅವನು ತಾನೇ ಬರೆದು ತಂದಿದ್ದ ಉತ್ತರದ ಕರಡನ್ನು ವಕೀಲರು ಓದಿದರು. ಮೂರನೇ ಪ್ಯಾರಾದಲ್ಲಿ ‘ಈ ಮಗು ನನ್ನದಲ್ಲ’ ಎಂದಿತ್ತು. ಒಂಬತ್ತನೇ ಪ್ಯಾರಾದಲ್ಲಿ ‘ನನ್ನ ಮಗಳನ್ನು ತಿಂಗಳಿಗೆ ಎರಡು ಸಲ ನೋಡಲು ಅವಕಾಶ ಕೊಡಬೇಕು’ ಎಂದಿತ್ತು. ಎರಡೂ ಕಡೆ ಪೆನ್ಸಿಲಿನಿಂದ ಸುತ್ತು ಹಾಕಿ ಅವನತ್ತ ತಿರುಗಿಸಿದರು. ಮಗುವಿನ ಸುಪರ್ದಿ, ಭೇಟಿಯ ಪ್ರಶ್ನೆಗಳಲ್ಲಿ ಕೋರ್ಟು ನೋಡುವುದು ಮಗುವಿನ ಹಿತ. ಹೆಂಡತಿಗೆ ಬೇರೆ ಸಂಬಂಧವಿತ್ತು ಎಂಬುದಕ್ಕಾಗಲಿ ಡಿಎನ್‌ಎ ವರದಿಗಾಗಲಿ ಅಲ್ಲಿ ಕೆಲಸ ಕಡಿಮೆ. ಆದರೆ ತಂದೆ ಸಹಜ ಪಾಲಕನಾಗಿರುವುದು ಮಗು ಔರಸವಾಗಿದ್ದಾಗ. ಅನೌರಸ ಮಗುವಿಗೆ ಮೊದಲ ಪಾಲಕಿ ತಾಯಿ. ಅಂದರೆ ಮೂರನೇ ಪ್ಯಾರಾ ಗೆದ್ದರೆ ಒಂಬತ್ತನೆಯದಕ್ಕೆ ಕಾಲೂರಲು ನೆಲವೇ ಉಳಿಯುವುದಿಲ್ಲ.

‘ಯಾವದರ ಒಂದು ಇಟ್ಟುಕೊಳ್ರಿ. ಎರಡೂ ಒಂದs ಅರ್ಜ್ಯಾಗ ಕೂಡೂದಿಲ್ಲ’ ಎಂದರು.

ಇನ್ನೊಂದು ವ್ಯಾವಹಾರಿಕ ಮಾತನ್ನೂ ಹೇಳಿದರು. ಡಿಎನ್‌ಎ ಅರ್ಜಿ ಹಾಕಿದರೆ ಜೀವನಾಂಶ ತನ್ನಿಂತಾನೇ ನಿಲ್ಲುತ್ತದೆ ಎಂದು ಬಹಳ ಗಂಡಸರು ತಿಳಿದಿರುತ್ತಾರೆ. ಮಧ್ಯಂತರ ಜೀವನಾಂಶದ ಅರ್ಜಿಯನ್ನು ಸಾಧ್ಯವಾದಷ್ಟೂ ನೋಟಿಸು ತಲುಪಿದ 60 ದಿನದೊಳಗೆ ತೀರ್ಮಾನಿಸಬೇಕು ಎಂದು ಕಾಯ್ದೆಯೇ ಹೇಳುತ್ತದೆ. ಜೀವನಾಂಶವನ್ನು ಅರ್ಜಿ ಹಾಕಿದ ದಿನದಿಂದಲೇ ಲೆಕ್ಕ ಹಾಕಬೇಕೆಂದು ಸುಪ್ರೀಂ ಕೋರ್ಟು 2020ರಲ್ಲಿ ಹೇಳಿದೆ. ಪರೀಕ್ಷೆಗಾಗಿ ಹೈಕೋರ್ಟಿನವರೆಗೆ ಹೋಗಿ ಎರಡು ವರ್ಷ ಕಳೆದರೆ ಬಾಕಿ ಬೆಳೆಯುತ್ತಲೇ ಇರುತ್ತದೆ. ಮೊದಲು ಕೊಡಬೇಕಾದದ್ದು ಆದಾಯ, ಆಸ್ತಿ, ಸಾಲಗಳ ಪ್ರಮಾಣಪತ್ರ. ಸ್ಯಾಲರಿ ಸ್ಲಿಪ್, ಷೇರು, ಇಎಂಐ ಎಲ್ಲ.

ಹೊರಗೆ ಬಂದಾಗ ಮಳೆ ಹಿಡಿದಿತ್ತು. ಬಸ್ ಸ್ಟಾಪಿನ ತಗಡಿನಡಿ ನಿಂತು ಅವನು ಕೇಳಿದ, ‘ಹಂಗಾರ ನನಗ ಎಂದೂ ಗೊತ್ತಾಗೂದs ಇಲ್ಲೇನು?’

ಗೊತ್ತಾಗಬಾರದು ಎಂದು ಯಾವ ಕೋರ್ಟೂ ಹೇಳಿಲ್ಲ ಎಂದೆ. ಮಗಳನ್ನು ನೋಡಲು ಹೋದಾಗ ಕಿಟ್ ತೆಗೆದು ಅವಳ ಬಾಯಲ್ಲಿ ಕಡ್ಡಿಯಾಡಿಸಬಹುದು. ಆದರೆ ವರದಿ ಏನೇ ಬಂದರೂ ಕಾನೂನಿನಲ್ಲಿ ಅವಳು ಅವನ ಮಗಳೇ, ಹಣ ಕೊಡಬೇಕಾದವನು ಅವನೇ. ಬದಲಾಗುವುದು ಅವಳನ್ನು ನೋಡುವ ಅವನ ಕಣ್ಣು ಮಾತ್ರ. ಅದೂ ಅವಳಿಗೆ ತಿಳಿಯದಂತೆ, ಅವಳನ್ನು ಕೇಳದೆ. ಅವನು ಉತ್ತರ ಕೊಡಲಿಲ್ಲ.

ಮೂರನೇ ಪ್ಯಾರಾ ತೆಗೆದು ಉತ್ತರ ಸಲ್ಲಿಸಿದರು. ಹೆಂಡತಿಗೆ ತಾನು ಕೊಡಬೇಕೇ ಎಂಬ ತಕರಾರು ಇನ್ನೂ ನಡೆಯುತ್ತಿದೆ, ವಿಚ್ಛೇದನದ ಅರ್ಜಿಯೂ ಬಂದಿದೆ. ಮಗಳಿಗೆ ಮಧ್ಯಂತರವಾಗಿ ತಿಂಗಳಿಗೆ ಹನ್ನೆರಡು ಸಾವಿರ ಆದೇಶವಾಗಿದೆ, ತಪ್ಪದೆ ಹಾಕುತ್ತಾನೆ. ತಿಂಗಳ ಎರಡನೇ ಮತ್ತು ನಾಲ್ಕನೇ ಭಾನುವಾರ ಬೆಳಗ್ಗೆ ಹತ್ತರಿಂದ ಸಂಜೆ ಐದರವರೆಗೆ ಮಗಳು ಅವನ ಜೊತೆಗಿರುತ್ತಾಳೆ. ಅದಕ್ಕಾಗಿ ಶನಿವಾರ ರಾತ್ರಿ ಇಲ್ಲಿಂದ ಬಸ್ಸು ಹತ್ತುತ್ತಾನೆ, ಸೋಮವಾರ ಬೆಳಗ್ಗೆ ಇಳಿದವನು ಸ್ನಾನ ಮಾಡಿ ಸೀದಾ ಸ್ಟ್ಯಾಂಡಪ್ ಮೀಟಿಂಗಿಗೆ ಬರುತ್ತಾನೆ. ಹೋದ ವಾರ ಅವನ ಡ್ರಾಯರಿನಲ್ಲಿ ಚಾರ್ಜರ್ ಹುಡುಕುವಾಗ ಕಿಟ್ಟಿನ ಡಬ್ಬಿ ಕೈಗೆ ಸಿಕ್ಕಿತು. ಸೀಲು ಹಾಗೇ ಇತ್ತು. ಅದರ ಮೇಲೆ ಮಗಳು ಕೊಟ್ಟ ಸ್ಕೆಚ್ ಪೆನ್ನಿನ ಚಿತ್ರವೊಂದನ್ನು ಮಡಚಿ ಇಟ್ಟಿದ್ದ. ನಾನು ಚಾರ್ಜರ್ ತೆಗೆದುಕೊಂಡು ಡ್ರಾಯರ್ ಮುಚ್ಚಿದೆ.